ಎರಡನೇ ಪುಟದ ಮೂರು ಷರತ್ತು

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿಯುವ ಹೆಚ್ಚಿನವರು ಕರಾರುಪತ್ರದಲ್ಲಿ ಕಣ್ಣಾಡಿಸುವುದು ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ತಮ್ಮ ಹೆಸರಿನ ಸ್ಪೆಲ್ಲಿಂಗ್ ಸರಿಯಾಗಿದೆಯೇ ಎಂಬಷ್ಟಕ್ಕೆ ಮಾತ್ರ. ಉಳಿದದ್ದೆಲ್ಲ ಟೈಪಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿ ಹಿಂದೆಂದೋ ಇನ್ಯಾರಿಗೋ ಮಾಡಿದ ಕರಾರಿನಿಂದ ಹಾಗೇ ಉಳಿದುಬಂದ ಸಾಲುಗಳು. ಮಾಲೀಕರೂ ಓದಿರುವುದಿಲ್ಲ, ಬ್ರೋಕರ್ ಅಂತೂ ಓದುವುದೇ ಇಲ್ಲ. ಎಲ್ಲರೂ ಸಹಿ ಹಾಕಿ, ಕಾಫಿ ಕುಡಿದು ಏಳುತ್ತಾರೆ. ಆ ಸಾಲುಗಳ ನಡುವೆ ಎರಡನೇ ಪುಟದಲ್ಲಿ ಲಾಕ್-ಇನ್, ನೋಟಿಸ್ ಪೀರಿಯಡ್, ವರ್ಷಕ್ಕೆ ಇಷ್ಟು ಶೇಕಡಾ ಬಾಡಿಗೆ ಏರಿಕೆ ಎಂಬ ಮೂರು ಷರತ್ತುಗಳು ಕೂತಿರುತ್ತವೆ. ಮನೆ ಬಿಡುವ ದಿನ ಅಡ್ವಾನ್ಸ್ ಎಷ್ಟು ವಾಪಸ್ ಬರುತ್ತದೆ ಎಂದು ತೀರ್ಮಾನಿಸುವುದು ಬಹುಮಟ್ಟಿಗೆ ಇವೇ.

‘ಬಾಡಿಗೆದಾರರಿಗೆ ಕಾನೂನಿನ ರಕ್ಷಣೆ ಇದೆಯಲ್ಲ’ ಎನ್ನುವವರಿಗೆ ಒಂದು ಮಾತು. ಕರ್ನಾಟಕ ಬಾಡಿಗೆ ಕಾಯ್ದೆ, 1999 ಇದೆ, ನಿಜ. ಆದರೆ ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಕಟ್ಟಡಗಳಿಗೆ ಅದು ಅನ್ವಯಿಸುವುದಿಲ್ಲ. ಇವತ್ತು ಆ ಮೊತ್ತಕ್ಕೆ ಒಂದು ಒಳ್ಳೆಯ ಕಾರ್ ಪಾರ್ಕಿಂಗ್ ಸಿಕ್ಕಿದರೆ ಪುಣ್ಯ. ಹಾಗಾಗಿ ನಮ್ಮ ನಿಮ್ಮಂಥವರ ಬಾಡಿಗೆ ಸಂಬಂಧ ನಡೆಯುವುದು ಕರಾರಿನಲ್ಲಿ ಬರೆದುಕೊಂಡ ಮಾತಿನ ಮೇಲೆ. ಅಲ್ಲಿ ಏನೂ ಬರೆದಿಲ್ಲದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಮೇಲೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯ ಪ್ರಕಾರ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಮಾತ್ರ ಎಂದು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತದಲ್ಲ, ಅದು ಹೆಸರೇ ಹೇಳುವಂತೆ ಮಾದರಿ. ರಾಜ್ಯವೊಂದು ಅದನ್ನು ಅಳವಡಿಸಿಕೊಂಡು ತನ್ನದೇ ಕಾನೂನು ಮಾಡಿದರೆ ಮಾತ್ರ ಅಲ್ಲಿ ಜಾರಿಗೆ ಬರುತ್ತದೆ. ಅದನ್ನು ತೋರಿಸಿ ಮಾಲೀಕರ ಜೊತೆ ವಾದಕ್ಕೆ ಕೂರಬೇಡಿ.

ಲೆಕ್ಕಕ್ಕೆ ಒಂದು ಮನೆ ಇಟ್ಟುಕೊಳ್ಳೋಣ. ಜೆ.ಪಿ. ನಗರದಲ್ಲಿ ಎರಡು ಬೆಡ್‌ರೂಮಿನ ಮನೆ, ಬಾಡಿಗೆ 28,000, ಅಡ್ವಾನ್ಸ್ ಒಂದೂವರೆ ಲಕ್ಷ. ಕರಾರು 2025ರ ಜೂನ್ 1ರಿಂದ 2026ರ ಏಪ್ರಿಲ್ 30ರವರೆಗೆ, ಹನ್ನೊಂದು ತಿಂಗಳು. (ಹನ್ನೊಂದೇ ಏಕೆಂದರೆ, ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು, ಆ ಖರ್ಚು, ಓಡಾಟ ಯಾರಿಗೂ ಬೇಡ.) ಲಾಕ್-ಇನ್ ಆರು ತಿಂಗಳು. ನೋಟಿಸ್ ಎರಡು ತಿಂಗಳು. ನವೀಕರಣದ ಹೊತ್ತಿಗೆ ಶೇ 5 ಏರಿಕೆ. ಬಿಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಕಡಿತ. ಊರಿನಲ್ಲಿ ದಿನನಿತ್ಯ ಸಹಿಯಾಗುವ ಕರಾರುಗಳ ಜಾಯಮಾನವೇ ಇದು.

ಲಾಕ್-ಇನ್ ಎಂದರೆ ಇಷ್ಟು ದಿನ ಈ ಕರಾರನ್ನು ಮುರಿಯುವಂತಿಲ್ಲ ಎಂಬ ಕಟ್ಟುಪಾಡು. ಮಾಲೀಕರು ಇದನ್ನು ಕೇಳುವುದರಲ್ಲಿ ಅನ್ಯಾಯವೇನಿಲ್ಲ. ಹೊಸಬರು ಬರುವ ಮುಂಚೆ ಅವರು ಸುಣ್ಣಬಣ್ಣ ಮಾಡಿಸಿರುತ್ತಾರೆ, ಬ್ರೋಕರ್‌ಗೆ ಕಮಿಷನ್ ಕೊಟ್ಟಿರುತ್ತಾರೆ, ಮನೆ ಒಂದೆರಡು ತಿಂಗಳು ಖಾಲಿ ಬಿದ್ದಿದ್ದರೂ ಇರಬಹುದು. ಬಂದವರು ಎರಡೇ ತಿಂಗಳಿಗೆ ಗಂಟುಮೂಟೆ ಕಟ್ಟಿದರೆ ಅವರಿಗೆ ಅದೆಲ್ಲ ಮತ್ತೆ ಮೊದಲಿನಿಂದ. ಪ್ರಶ್ನೆ ಇರುವುದು ಈ ಬೀಗ ಯಾರಿಗೆ ಎಂಬಲ್ಲಿ. ಅನೇಕ ಕರಾರುಗಳಲ್ಲಿ ‘ಬಾಡಿಗೆದಾರರು ಮೊದಲ ಆರು ತಿಂಗಳು ಮನೆ ಬಿಡತಕ್ಕದ್ದಲ್ಲ’ ಎಂದಷ್ಟೇ ಇರುತ್ತದೆ. ಮಾಲೀಕರು ಬಿಡಿಸುವಂತಿಲ್ಲ ಎಂದು ಎಲ್ಲೂ ಇರುವುದಿಲ್ಲ. ಹಾಗಿದ್ದಾಗ ನಿಮ್ಮನ್ನು ಕಟ್ಟಿಹಾಕಿದ ಆರು ತಿಂಗಳಿನಲ್ಲೇ ಅವರು ಎರಡು ತಿಂಗಳ ನೋಟಿಸ್ ಕೊಟ್ಟು ‘ಮಗನಿಗೆ ಮದುವೆ, ಮನೆ ಬೇಕು’ ಎನ್ನಬಹುದು. ಲಾಕ್-ಇನ್ ಇಬ್ಬರಿಗೂ ಅನ್ವಯ ಎಂದು ಒಂದು ವಾಕ್ಯ ಸೇರಿಸಿ ಎಂದರೆ ಸಾಮಾನ್ಯವಾಗಿ ಯಾರೂ ಇಲ್ಲ ಎನ್ನುವುದಿಲ್ಲ. ಬಾಡಿಗೆ ಕಟ್ಟದಿದ್ದರೆ ಅಥವಾ ಮನೆಯನ್ನು ಬೇರೆಯದಕ್ಕೆ ಬಳಸಿದರೆ ಮಾತ್ರ ಅದಕ್ಕೆ ವಿನಾಯಿತಿ ಎಂದು ಅವರು ಸೇರಿಸುತ್ತಾರೆ. ಅದು ನ್ಯಾಯವೇ.

ಅಂಗಡಿ ಹಿಡಿಯುವವರಿಗಂತೂ ಈ ಇಬ್ಬದಿಯ ಬೀಗ ಪ್ರಾಣಕ್ಕೆ ಸಮ. ದರ್ಶಿನಿ ತೆರೆಯಲು ಹತ್ತು ಹದಿನೈದು ಲಕ್ಷ ಸುರಿದು ಗ್ರಾನೈಟ್, ಚಿಮಣಿ, ಗ್ಯಾಸ್ ಪೈಪ್ ಹಾಕಿಸಿದ ಮೇಲೆ, ವ್ಯಾಪಾರ ಕುದುರಿದ್ದನ್ನು ಕಂಡು ಮಾಲೀಕರು ಎಂಟನೇ ತಿಂಗಳಿಗೆ ಜಾಗ ಖಾಲಿ ಮಾಡಿ ಎಂದರೆ ಏನು ಮಾಡುವುದು? ಅಲ್ಲಿ ಬಾಡಿಗೆದಾರರೇ ಮೂರು ವರ್ಷ, ಐದು ವರ್ಷದ ಲಾಕ್-ಇನ್ ಕೇಳಿ ಬರೆಸಿಕೊಳ್ಳಬೇಕು, ಮತ್ತು ಆ ಕರಾರನ್ನು ನೋಂದಾಯಿಸಲೇಬೇಕು. ಹನ್ನೊಂದು ತಿಂಗಳಿನ ನೋಂದಣಿಯಿಲ್ಲದ ಕರಾರಿನಲ್ಲಿ ‘ಲಾಕ್-ಇನ್ 36 ತಿಂಗಳು’ ಎಂದು ಟೈಪ್ ಮಾಡಿಸಿದವರಿದ್ದಾರೆ. ಒಂದು ವರ್ಷ ಮೀರಿದ ಹಕ್ಕನ್ನು ನೋಂದಣಿ ಇಲ್ಲದ ಕಾಗದ ಹುಟ್ಟಿಸಲಾರದು. ಕೋರ್ಟಿಗೆ ಹೋದಾಗ ಆ ಸಾಲು ಕೈಕೊಡುತ್ತದೆ.

ಮತ್ತೆ ಜೆ.ಪಿ. ನಗರಕ್ಕೆ ಬರೋಣ. ಜುಲೈನಲ್ಲಿ ಬಾಡಿಗೆದಾರರಿಗೆ ಪುಣೆಗೆ ವರ್ಗವಾಯಿತು. ಆಗಸ್ಟ್ 31ಕ್ಕೆ ಬಿಡುತ್ತೇವೆ ಎಂದರು. ಲಾಕ್-ಇನ್ ನವೆಂಬರ್ 30ರವರೆಗೆ ಇದೆ, ಅಂದರೆ ಇನ್ನೂ ಮೂರು ತಿಂಗಳು ಬಾಕಿ. ಮಾಲೀಕರ ಲೆಕ್ಕ ಹೀಗೆ: ಲಾಕ್-ಇನ್‌ನ ಉಳಿದ ಬಾಡಿಗೆ 84,000, ಅದಾದ ಮೇಲೆ ನೋಟಿಸಿನ ಎರಡು ತಿಂಗಳಿಗೆ 56,000, ಪೇಂಟಿಂಗ್‌ಗೆ 28,000. ಒಟ್ಟು 1,68,000. ಅಡ್ವಾನ್ಸ್ ಒಂದೂವರೆ ಲಕ್ಷ ಪೂರ್ತಿ ಹೋಗಿ, ಮೇಲೆ 18,000 ನೀವೇ ಕೊಡಬೇಕು!

ಇದರಲ್ಲಿ ಎರಡು ತಪ್ಪಿದೆ. ಲಾಕ್-ಇನ್ ಮುಗಿಯುವವರೆಗೆ ಮಾಲೀಕರು ಬಾಡಿಗೆ ವಸೂಲಿ ಮಾಡುತ್ತಿದ್ದಾರೆಂದರೆ, ಬಾಡಿಗೆದಾರರು ಬಿಡುವ ಸಂಗತಿ ಅವರಿಗೆ ಜುಲೈನಲ್ಲೇ ತಿಳಿದಿದೆ. ನೋಟಿಸಿನ ಎರಡು ತಿಂಗಳು ಆ ಅವಧಿಯೊಳಗೇ ಕರಗಿಹೋಗಿದೆ. ಅದನ್ನು ಪ್ರತ್ಯೇಕವಾಗಿ ಮತ್ತೆ ಕೂಡಿಸುವುದು ಒಂದೇ ನಷ್ಟಕ್ಕೆ ಎರಡು ಬಿಲ್. ಇನ್ನೊಂದು, ಮೂರು ತಿಂಗಳ ಬಾಡಿಗೆ ಎಂದು ಬರೆದಿದೆ ಎಂದ ಮಾತ್ರಕ್ಕೆ ಆ ಇಡೀ ಮೊತ್ತ ತಾನಾಗಿ ಮಾಲೀಕರದಾಗುವುದಿಲ್ಲ. ಭಾರತೀಯ ಕರಾರು ಕಾಯ್ದೆ 1872ರ 74ನೇ ಕಲಂ ಪ್ರಕಾರ ಕರಾರಿನಲ್ಲಿ ದಂಡದ ಮೊತ್ತ ಬರೆದಿದ್ದರೂ ಸಿಗಬೇಕಾದದ್ದು ನ್ಯಾಯೋಚಿತ ಪರಿಹಾರ. ಬರೆದ ಮೊತ್ತ ಅದಕ್ಕೆ ಗರಿಷ್ಠ ಮಿತಿ ಅಷ್ಟೇ. ಸುಪ್ರೀಂ ಕೋರ್ಟ್ 2015ರಲ್ಲಿ ಕೈಲಾಶ್ ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ (ಅದು ಬಾಡಿಗೆಯದಲ್ಲ, ದೆಹಲಿಯ ನಿವೇಶನವೊಂದರ ಮುಂಗಡ ಹಣದ ವ್ಯಾಜ್ಯ) ನಷ್ಟವೇ ಆಗದಿದ್ದಲ್ಲಿ ಪರಿಹಾರದ ಮಾತೇ ಇಲ್ಲ ಎಂಬರ್ಥದಲ್ಲಿ ಈ ಕಲಮನ್ನು ಬಿಡಿಸಿ ಹೇಳಿತು. ನಮ್ಮ ಮನೆಗೆ ಅಕ್ಟೋಬರ್ 1ರಿಂದ ಅದೇ 28,000ಕ್ಕೆ ಹೊಸ ಸಂಸಾರ ಬಂದಿದ್ದರೆ ಮಾಲೀಕರಿಗೆ ನಿಜವಾಗಿ ಆದ ನಷ್ಟ ಸೆಪ್ಟೆಂಬರ್ ಒಂದು ತಿಂಗಳಿನ ಬಾಡಿಗೆ, ಜೊತೆಗೆ ಬ್ರೋಕರ್‌ಗೆ ಕೊಟ್ಟದ್ದೇನಾದರೂ ಇದ್ದರೆ ಅದು. ಆದರೂ ಕಚೇರಿಗಳ ದೊಡ್ಡ ಕರಾರುಗಳಲ್ಲಿ ಲಾಕ್-ಇನ್‌ನ ಪೂರ್ತಿ ಬಾಡಿಗೆಯನ್ನೇ ನ್ಯಾಯೋಚಿತ ಅಂದಾಜು ಎಂದು ಎತ್ತಿಹಿಡಿದ ತೀರ್ಪುಗಳೂ ಇವೆ. ಆದ್ದರಿಂದ ಕೋರ್ಟಿನಲ್ಲಿ ಗೆದ್ದೇ ಗೆಲ್ಲುತ್ತೇನೆ ಎಂದು ಹೊರಡುವ ವಿಷಯ ಇದಲ್ಲ.

ಹೊರಡುವವರಾದರೂ ಎಷ್ಟು ಜನ? ಹಣ ಈಗಾಗಲೇ ಮಾಲೀಕರ ಕೈಯಲ್ಲಿದೆ. ಹಿಡಿದುಕೊಳ್ಳುವುದಕ್ಕೆ ಅವರು ಏನೂ ಮಾಡಬೇಕಿಲ್ಲ, ಸುಮ್ಮನಿದ್ದರೆ ಸಾಕು. ದಾವೆ ಹೂಡಬೇಕಾದವರು ಪುಣೆಯಲ್ಲಿರುವ ನೀವು. ಐವತ್ತು ಅರವತ್ತು ಸಾವಿರಕ್ಕಾಗಿ ವಕೀಲರನ್ನು ಹಿಡಿದು ವರ್ಷಗಟ್ಟಲೆ ಬೆಂಗಳೂರಿಗೆ ಓಡಾಡುವವರು ಅಪರೂಪ. ಅದಕ್ಕೇ 74ನೇ ಕಲಂಗಿಂತ ಸಹಿ ಮಾಡುವ ಮುಂಚೆ ಬರೆಸಿದ ಒಂದು ಸಾಲು ಹೆಚ್ಚು ಕೆಲಸಕ್ಕೆ ಬರುತ್ತದೆ: ‘ಲಾಕ್-ಇನ್ ಅವಧಿಯಲ್ಲಿ ಬಾಡಿಗೆದಾರರು ಮನೆ ಬಿಟ್ಟರೆ, ಉಳಿದ ಅವಧಿಯ ಬಾಡಿಗೆ ಅಥವಾ ಮನೆಗೆ ಹೊಸ ಬಾಡಿಗೆದಾರರು ಬರುವವರೆಗಿನ ಬಾಡಿಗೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮಾತ್ರ ಕೊಡತಕ್ಕದ್ದು, ಇದಕ್ಕೆ ಪ್ರತ್ಯೇಕ ನೋಟಿಸ್ ಬಾಡಿಗೆ ಇರುವುದಿಲ್ಲ.’ ವರ್ಗಾವಣೆಯ ನೌಕರಿಯವರು, ವರ್ಗಾವಣೆ ಆದೇಶ ತೋರಿಸಿದರೆ ಲಾಕ್-ಇನ್ ಇಲ್ಲ ಎಂದೂ ಬರೆಸಿಕೊಳ್ಳುವುದುಂಟು.

ಈಗ ಲಾಕ್-ಇನ್ ಮುರಿಯದೆ, ಮುಗಿದ ಕೂಡಲೇ ಬಿಡುವವರ ಕತೆ ನೋಡಿ. ಹಣ ಹೋಗುವುದು ಹೆಚ್ಚಾಗಿ ಇಲ್ಲೇ, ಮತ್ತು ಹೋಗುತ್ತಿದೆ ಎಂದು ಗೊತ್ತಾಗದ ಹಾಗೆ. ಬಾಡಿಗೆದಾರರು ಸೆಪ್ಟೆಂಬರ್ 30ರಂದು ನೋಟಿಸ್ ಕೊಡುತ್ತಾರೆ. ಎರಡು ತಿಂಗಳು ಎಂದರೆ ನವೆಂಬರ್ 30. ಲಾಕ್-ಇನ್ ಮುಗಿಯುವುದೂ ಅಂದೇ. ಚೊಕ್ಕವಾದ ಲೆಕ್ಕ. ಆದರೆ ಮಾಲೀಕರು ಹೇಳುತ್ತಾರೆ: ‘ಲಾಕ್-ಇನ್ ಇರುವಾಗ ನೋಟಿಸ್ ಕೊಡೋ ಹಾಗಿಲ್ಲ ಸಾರ್. ಡಿಸೆಂಬರ್ ಒಂದಕ್ಕೆ ಕೊಡಿ, ಜನವರಿ ಕೊನೆಗೆ ಬಿಡಿ.’ ಇಬ್ಬರ ನಡುವಿನ ಅಂತರ ಎರಡು ತಿಂಗಳು, 56,000 ರೂಪಾಯಿ. ಯಾರದು ಸರಿ?

ಕರಾರಿನ ವಾಕ್ಯ ಹೇಗಿದೆಯೋ ಹಾಗೆ. ‘ಲಾಕ್-ಇನ್ ಮುಗಿಯುವ ಮುನ್ನ ಮನೆ ಬಿಡುವಂತಿಲ್ಲ’ ಎಂದಿದ್ದರೆ ನೋಟಿಸನ್ನು ಒಳಗೇ ಕೊಡಬಹುದು. ನಿಷೇಧ ಇರುವುದು ಬಿಡುವುದಕ್ಕೆ, ಹೇಳುವುದಕ್ಕಲ್ಲ. ‘ಲಾಕ್-ಇನ್ ಮುಗಿದ ನಂತರ ಎರಡು ತಿಂಗಳ ನೋಟಿಸ್ ಕೊಟ್ಟು ಕರಾರನ್ನು ಕೊನೆಗೊಳಿಸಬಹುದು’ ಎಂದಿದ್ದರೆ ಮಾಲೀಕರ ಓದಿಗೆ ಬಲ ಬರುತ್ತದೆ, ಮತ್ತು ನಿಮ್ಮ ಆರು ತಿಂಗಳ ಲಾಕ್-ಇನ್ ನಿಜದಲ್ಲಿ ಎಂಟು ತಿಂಗಳದ್ದು. ಟೈಪಿಂಗ್ ಅಂಗಡಿಗಳ ಕರಾರುಗಳಲ್ಲಿ ಎರಡೂ ಬಗೆಯ ವಾಕ್ಯ ಕಾಣುತ್ತವೆ. ಕೆಲವು ಕರಾರುಗಳ ಒಂದೇ ಪುಟದಲ್ಲಿ ಎರಡೂ ಇರುತ್ತವೆ, ಅದು ಬೇರೆ ರಗಳೆ. ‘ನೋಟಿಸನ್ನು ಲಾಕ್-ಇನ್ ಅವಧಿಯೊಳಗೂ ಕೊಡಬಹುದು, ಮನೆ ಬಿಡುವ ದಿನ ಮಾತ್ರ ಲಾಕ್-ಇನ್ ಮುಗಿಯುವುದಕ್ಕಿಂತ ಮುಂಚೆ ಇರಕೂಡದು’ ಎಂದು ಬರೆಸಿದರೆ ತಂಟೆಯೇ ಇಲ್ಲ. ಮೂರು ಷರತ್ತುಗಳ ಪೈಕಿ ಒಂದನ್ನೇ ತಿದ್ದಿಸಲು ನಿಮಗೆ ಶಕ್ತಿಯಿದ್ದರೆ ಇದನ್ನು ತಿದ್ದಿಸಿ ಎಂದು ನಾನು ಹೇಳುತ್ತೇನೆ.

ನೋಟಿಸಿನ ವಿಷಯದಲ್ಲಿ ಕಾಯ್ದೆಯೇ ಹೇಳುವುದು ಬಹಳ ಕಡಿಮೆ. ಕರಾರಿನಲ್ಲಿ ಏನೂ ಇಲ್ಲದಿದ್ದರೆ ವಾಸದ ಮನೆಯ ಬಾಡಿಗೆಯನ್ನು ತಿಂಗಳಿಂದ ತಿಂಗಳಿಗೆ ನಡೆಯುವಂಥದ್ದು ಎಂದು ಎಣಿಸಿ, ಯಾವ ಕಡೆಯವರೇ ಆಗಲಿ ಹದಿನೈದು ದಿನದ ನೋಟಿಸ್ ಕೊಟ್ಟು ಮುಗಿಸಬಹುದು. ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಇದು. ಎರಡು ತಿಂಗಳು, ಮೂರು ತಿಂಗಳು ಎಂಬುದೆಲ್ಲ ನಾವು ಕರಾರಿನಲ್ಲಿ ಒಪ್ಪಿ ಹೆಚ್ಚಿಸಿಕೊಂಡದ್ದು. ಅದೇ ಕಲಂ ಇನ್ನೆರಡು ಉಪಯುಕ್ತ ಮಾತು ಹೇಳುತ್ತದೆ: ನೋಟಿಸ್ ಬರಹದಲ್ಲಿದ್ದು ಸಹಿ ಇರಬೇಕು, ಮತ್ತು ಅವಧಿ ಶುರುವಾಗುವುದು ನೋಟಿಸ್ ತಲುಪಿದ ದಿನದಿಂದ. ‘ಓನರ್ ಆಂಟಿಗೆ ಮೆಟ್ಟಿಲ ಹತ್ತಿರ ಸಿಕ್ಕಾಗ ಹೇಳಿದ್ದೆ’ ಎಂಬುದು ನೋಟಿಸ್ ಅಲ್ಲ. ಹಾಗೆಂದು ಮೇಲಿನ ಮಹಡಿಯಲ್ಲಿರುವ ಮಾಲೀಕರಿಗೆ ಸ್ಪೀಡ್ ಪೋಸ್ಟ್ ಕಳಿಸಿದರೆ ಅವರಿಗೆ ಮುಖ ಕೆಡುತ್ತದೆ. ‘ವಾಟ್ಸ್ಆ್ಯಪ್ ಅಥವಾ ಇ-ಮೇಲ್ ಮೂಲಕ ಕೊಟ್ಟ ನೋಟಿಸ್ ಸಾಕು’ ಎಂದು ಕರಾರಿನಲ್ಲೇ ಇಬ್ಬರ ನಂಬರ್ ಸಮೇತ ಬರೆದುಕೊಂಡರೆ ಸಂಬಂಧವೂ ಉಳಿಯುತ್ತದೆ, ತಾರೀಖಿಗೆ ಪುರಾವೆಯೂ ಇರುತ್ತದೆ.

ಎಣಿಕೆಯಲ್ಲೂ ಒಂದು ಗುಳಿ ಇದೆ. ಲಾಕ್-ಇನ್ ಎಲ್ಲ ಮುಗಿದು, ಜನವರಿ 3ರಂದು ನೋಟಿಸ್ ಕೊಟ್ಟಿರಿ ಎನ್ನಿ. ‘ಎರಡು ತಿಂಗಳು’ ಎಂದಿದ್ದರೆ ಮಾರ್ಚ್ 3ಕ್ಕೆ ಮುಗಿಯಿತು. ‘ಎರಡು ಪೂರ್ಣ ಕ್ಯಾಲೆಂಡರ್ ತಿಂಗಳು’ ಎಂದಿದ್ದರೆ ಜನವರಿ ಲೆಕ್ಕಕ್ಕಿಲ್ಲ. ಫೆಬ್ರುವರಿ, ಮಾರ್ಚ್ ಎರಡೂ ಪೂರ್ತಿ. ಮೂರು ದಿನ ತಡವಾದದ್ದಕ್ಕೆ ಇಪ್ಪತ್ತೆಂಟು ದಿನದ ಬಾಡಿಗೆ, ಸುಮಾರು 25 ಸಾವಿರ ರೂಪಾಯಿ. ಅಂಥ ಕರಾರಿದ್ದವರು ತಿಂಗಳ ಕೊನೆಯ ದಿನವೇ ನೋಟಿಸ್ ತಲುಪಿಸಬೇಕು. ಇನ್ನು ನೋಟಿಸಿನ ತಿಂಗಳುಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ ಎಂದು ಕೇಳುವುದಿದ್ದರೆ, ಅದನ್ನು ಕರಾರು ಸಾಮಾನ್ಯವಾಗಿ ನೇರವಾಗಿಯೇ ನಿಷೇಧಿಸಿರುತ್ತದೆ ಎಂಬುದು ನೆನಪಿರಲಿ.

ಏರಿಕೆಯ ಷರತ್ತು ನೋಡಲು ಸರಳ. ನವೀಕರಣಕ್ಕೆ ಶೇ 5 ಎಂದರೆ 28,000 ಇದ್ದದ್ದು 29,400. ಅದರಾಚೆಗೆ ಮೊದಲು ಕೇಳಬೇಕಾದದ್ದು, ಶೇ 5 ಯಾವುದರ ಮೇಲೆ? 28,000ದಲ್ಲಿ ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ 3,000 ಸೇರಿದ್ದರೆ, ನಿಜವಾದ ಬಾಡಿಗೆ 25,000. ಅದರ ಮೇಲೆ ಏರಿಕೆ 1,250. ಒಟ್ಟು ಮೊತ್ತದ ಮೇಲೆ ಹಾಕಿದರೆ 1,400. ಸಂಘದವರು ಮೇಂಟೆನೆನ್ಸ್ ಏರಿಸಿದಾಗ ಅದನ್ನು ನಿಮ್ಮಿಂದ ಪ್ರತ್ಯೇಕವಾಗಿಯೂ ತೆಗೆದುಕೊಂಡರೆ ಒಂದೇ ಬಾಬ್ತಿಗೆ ಎರಡು ಸಲ ಏರಿಕೆ ಕೊಟ್ಟಂತೆ. ಬಾಡಿಗೆ, ಮೇಂಟೆನೆನ್ಸ್ ಬೇರೆ ಬೇರೆ ಸಾಲಿನಲ್ಲಿ ಇರಲಿ.

ಆಮೇಲೆ, ಏರಿಕೆ ಎಷ್ಟು ದಿನಕ್ಕೊಮ್ಮೆ? ಬಾಯಲ್ಲಿ ‘ವರ್ಷಕ್ಕೆ ಶೇ 5’ ಎನ್ನುತ್ತಾರೆ, ಕಾಗದದಲ್ಲಿ ‘ಪ್ರತಿ ನವೀಕರಣಕ್ಕೆ’ ಎಂದಿರುತ್ತದೆ. ನವೀಕರಣ ಬರುವುದು ಹನ್ನೊಂದು ತಿಂಗಳಿಗೊಮ್ಮೆ. ಐದು ವರ್ಷ ಅದೇ ಮನೆಯಲ್ಲಿದ್ದರೆ ಹನ್ನೆರಡು ತಿಂಗಳ ಲೆಕ್ಕದಲ್ಲಿ ನಾಲ್ಕು ಏರಿಕೆ ಆಗುತ್ತದೆ; ಹನ್ನೊಂದರ ಲೆಕ್ಕದಲ್ಲಿ ಐದು. ಒಂದೊಂದು ತಿಂಗಳು ಮುಂಚೆ ಬರುತ್ತಾ ಬರುತ್ತಾ ಐದನೆಯದು ಐವತ್ತಾರನೇ ತಿಂಗಳಿಗೇ ಬಂದು ಕೂರುತ್ತದೆ. ಇದನ್ನು ಮಾಲೀಕರ ಕುತಂತ್ರ ಎನ್ನಲಾರೆ, ಅವರಿಗೂ ಹೊಳೆದಿರುವುದಿಲ್ಲ. ‘ಪ್ರತಿ ಹನ್ನೆರಡು ತಿಂಗಳಿಗೊಮ್ಮೆ’ ಎಂಬ ಪದ ಹಾಕಿಸಿದರೆ ಆಯಿತು.

ಹಳೆಯ ಬಾಡಿಗೆಯ ಮೇಲೋ, ಏರಿದ ಬಾಡಿಗೆಯ ಮೇಲೋ ಎಂಬ ಚರ್ಚೆಗೆ ಶೇ 5ರಲ್ಲಿ ಹೆಚ್ಚು ಅರ್ಥವಿಲ್ಲ. ಮೂರು ಏರಿಕೆಯ ನಂತರ ಒಂದರಲ್ಲಿ 32,200, ಇನ್ನೊಂದರಲ್ಲಿ 32,413. ಶೇ 10 ಇದ್ದರೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ: 36,400 ಮತ್ತು 37,268. ಅದಕ್ಕಿಂತ ಅಪಾಯದ್ದು ‘ಶೇ 5ರಿಂದ 10’ ಮತ್ತು ‘ಆಗಿನ ಮಾರುಕಟ್ಟೆ ದರದಂತೆ ಪರಸ್ಪರ ಒಪ್ಪಿಗೆಯ ಮೇಲೆ’ ಎಂಬ ಒಕ್ಕಣೆಗಳು. ಮೊದಲನೆಯದರಲ್ಲಿ ಮಾಲೀಕರು ಓದುವುದು 10, ನೀವು ಓದುವುದು 5. ಎರಡನೆಯದು ಷರತ್ತೇ ಅಲ್ಲ. ಮೆಟ್ರೊ ಬಂತು, ಪಕ್ಕದ ಮನೆಗೆ 38,000 ಕೊಡುತ್ತಿದ್ದಾರೆ ಎಂದು ಒಂದೇ ಸಲ ಹತ್ತು ಸಾವಿರ ಏರಿಸಿದರೂ ನೀವು ಒಪ್ಪಬೇಕು, ಇಲ್ಲವೇ ಬಿಡಬೇಕು. ಹಾಗೆಯೇ ಅಡ್ವಾನ್ಸ್ ಅನ್ನು ‘ಐದು ತಿಂಗಳ ಬಾಡಿಗೆ’ ಎಂದು ಬರೆಯದೆ ಮೊತ್ತದಲ್ಲೇ ಬರೆಸಿ. ಇಲ್ಲದಿದ್ದರೆ ಬಾಡಿಗೆ 1,400 ಏರಿದಾಗ ಅಡ್ವಾನ್ಸ್‌ಗೆ 7,000 ಸೇರಿಸಿ ಎನ್ನುವವರಿದ್ದಾರೆ.

ಹನ್ನೊಂದು ತಿಂಗಳು ಮುಗಿದಾಗ ಏನಾಗುತ್ತದೆ? ಬಹಳ ಮನೆಗಳಲ್ಲಿ ಏನೂ ಆಗುವುದಿಲ್ಲ. ಇವರು ಬಾಡಿಗೆ ಹಾಕುತ್ತಾರೆ, ಅವರು ತೆಗೆದುಕೊಳ್ಳುತ್ತಾರೆ, ಹೊಸ ಕಾಗದ ಇಲ್ಲ. ಅವಧಿ ಮುಗಿದ ಮೇಲೂ ಮಾಲೀಕರು ಬಾಡಿಗೆ ಸ್ವೀಕರಿಸಿದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿದಂತೆ ಎಂದು ಆಸ್ತಿ ವರ್ಗಾವಣೆ ಕಾಯ್ದೆಯ 116ನೇ ಕಲಂ ಎಣಿಸುತ್ತದೆ. ಆಗ ಹಳೆಯ ಎರಡು ತಿಂಗಳ ನೋಟಿಸ್ ನಡೆಯುತ್ತದೋ, ಕಾಯ್ದೆಯ ಹದಿನೈದು ದಿನವೋ ಎಂದು ಜಗಳವಾಡಲು ಇಬ್ಬರಿಗೂ ಜಾಗವಿದೆ. ಮಕ್ಕಳ ಶಾಲೆ ನಡುವೆ ಇರುವವರಿಗೆ ಹದಿನೈದು ದಿನ ಎಂಬುದು ಭಯದ ಮಾತು.

ಹೊಸ ಕರಾರು ಮಾಡಿದರೆ ಇನ್ನೊಂದು ಬಗೆಯ ತೊಂದರೆ. ಅಂಗಡಿಯವರು ಹಳೆಯ ಫೈಲ್ ತೆರೆದು ತಾರೀಖು, ಬಾಡಿಗೆ ಎರಡನ್ನೇ ಬದಲಿಸಿ ಪ್ರಿಂಟ್ ಕೊಡುತ್ತಾರೆ. ಅದರೊಳಗೆ ‘ಮೊದಲ ಆರು ತಿಂಗಳು ಲಾಕ್-ಇನ್’ ಹಾಗೇ ಇರುತ್ತದೆ. ಹನ್ನೊಂದು ತಿಂಗಳಿಂದ ಅದೇ ಮನೆಯಲ್ಲಿರುವವರು 2026ರ ಮೇ 1ರಿಂದ ಮತ್ತೆ ಅಕ್ಟೋಬರ್ 31ರವರೆಗೆ ಕಟ್ಟುಬಿದ್ದರು. ಮಾಲೀಕರಿಗೆ ಈ ಸಲ ಪೇಂಟಿಂಗ್ ಖರ್ಚಿಲ್ಲ, ಬ್ರೋಕರ್ ಇಲ್ಲ, ಮನೆ ಒಂದು ದಿನವೂ ಖಾಲಿ ಬಿದ್ದಿಲ್ಲ. ಲಾಕ್-ಇನ್ ಕೇಳುವುದಕ್ಕೆ ಇದ್ದ ಕಾರಣಗಳಲ್ಲಿ ಒಂದೂ ಉಳಿದಿಲ್ಲ. ನವೀಕರಣದ ಪ್ರಿಂಟ್ ಕೈಗೆ ಬಂದಾಗ ಆ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿ, ಪಕ್ಕದಲ್ಲಿ ಇಬ್ಬರೂ ಚಿಕ್ಕ ಸಹಿ ಮಾಡಿದರೂ ನಡೆಯುತ್ತದೆ; ಇಬ್ಬರ ಬಳಿ ಇರುವ ಪ್ರತಿಗಳಲ್ಲೂ ಮಾಡಿ.